ಬಿಲ್ ಮಾರ್ಚ್‌ದು, ಮಾಲು ಬಂದಿದ್ದು ಏಪ್ರಿಲ್‌ನಲ್ಲಿ: ವರ್ಷದ ಕೊನೆಗೆ ದಾರಿಯಲ್ಲಿರುವ ಸರಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರಿನ ಅಂಗಡಿಗಳಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ಏಪ್ರಿಲ್ ಮೊದಲ ವಾರ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಸರ್, ಬಿಲ್ ಮಾರ್ಚ್ ತಾರೀಖಿಂದು, ಮಾಲು ಇನ್ನೂ ಬಂದಿಲ್ಲ. ಯಾವ ವರ್ಷಕ್ಕೆ ಹಾಕೋದು?" ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಉದಾಹರಣೆ ಒಂದೇ ಅಂಗಡಿಯದು. ಬೇಸಿಗೆ ಶುರುವಾದಾಗ ಬೋರ್‌ವೆಲ್ ಮೋಟರಿಗೆ ಗಿರಾಕಿ ಜಾಸ್ತಿ, ಹಾಗಾಗಿ ಪಂಪ್‌ಸೆಟ್ ಅಂಗಡಿಯನ್ನೇ ತೆಗೆದುಕೊಂಡಿದ್ದೇನೆ. ಮೊತ್ತಗಳು ಲೆಕ್ಕ ಸುಲಭವಾಗಲಿ ಎಂದು ನಾನೇ ಹಾಕಿದವು.

ಪ್ರಶ್ನೆ: ಮೊದಲು ಆ ಉದಾಹರಣೆ ಏನು ಹೇಳಿ.

ಮಂಡ್ಯದ ಪಂಪ್‌ಸೆಟ್ ಅಂಗಡಿಯೊಂದು ಗುಜರಾತಿನ ರಾಜ್‌ಕೋಟ್‌ನಿಂದ 40 ಸಬ್‌ಮರ್ಸಿಬಲ್ ಪಂಪ್ ತರಿಸಿತು. ಒಂದಕ್ಕೆ 15,000 ರೂಪಾಯಿ, ಒಟ್ಟು 6,00,000. ಐಜಿಎಸ್‌ಟಿ ಶೇ. 18ರಂತೆ 1,08,000. ಬಿಲ್ ಮೊತ್ತ 7,08,000. ಲಾರಿ ಬಾಡಿಗೆ 24,000, ಅದು "ಟು ಪೇ", ಅಂದರೆ ಮಾಲು ಬಿಡಿಸಿಕೊಳ್ಳುವಾಗ ನಾವು ಕೊಡಬೇಕು.

ಬಿಲ್ ತಾರೀಖು 2025ರ ಮಾರ್ಚ್ 27. ಸಪ್ಲೈಯರ್ ಮಾಲನ್ನು ಟ್ರಾನ್ಸ್‌ಪೋರ್ಟಿಗೆ ಒಪ್ಪಿಸಿ ಅವರ ರಸೀದಿ, ಅಂದರೆ ಎಲ್‌ಆರ್ ಪಡೆದದ್ದು ಮಾರ್ಚ್ 28, ಶುಕ್ರವಾರ. ಮೈಸೂರಿನ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಲಾರಿ ಬಂದದ್ದು ಏಪ್ರಿಲ್ 2. ಮಂಡ್ಯದ ಅಂಗಡಿಯಲ್ಲಿ ಇಳಿದದ್ದು ಏಪ್ರಿಲ್ 3.

ಆ ವರ್ಷ ಕ್ಯಾಲೆಂಡರ್ ಕೂಡ ನಮ್ಮ ಜೊತೆ ಆಟ ಆಡಿತ್ತು. ಮಾರ್ಚ್ 30 ಭಾನುವಾರ ಯುಗಾದಿ. 31 ಸೋಮವಾರ ರಂಜಾನ್, ನಮ್ಮ ಕಡೆ ಅದೇ ದಿನ ಹೊಸತೊಡಕು. ಹೊಸತೊಡಕಿನ ದಿನ ಮಂಡ್ಯದಲ್ಲಿ ಹಮಾಲಿಗೆ ಜನ ಹುಡುಕಿ ನೋಡಿ, ಸಿಕ್ಕರೆ ನನಗೂ ಹೇಳಿ. ಹೀಗಾಗಿ ಎಷ್ಟೋ ಅಂಗಡಿಗಳ ಮಾಲು ವರ್ಷದ ಕೊನೆಯ ರಾತ್ರಿ ದಾರಿಯಲ್ಲೋ ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲೋ ಇತ್ತು.

ಪ್ರಶ್ನೆ: ಬಿಲ್ ತಾರೀಖು ಮಾರ್ಚ್ ಅಲ್ವಾ, ಹಾಗಾದ್ರೆ ಮಾರ್ಚ್ ಖರೀದಿ ಅಂತ ಹಾಕಿದ್ರೆ ಆಯ್ತಲ್ಲ?

ಬಿಲ್ ತಾರೀಖು ನೋಡಿ ತೀರ್ಮಾನ ಮಾಡಬೇಡಿ. ಹಾಗೆಯೇ ಮಾಲು ಅಂಗಡಿಗೆ ಬಂದ ತಾರೀಖೊಂದನ್ನೇ ನೋಡಿಯೂ ಮಾಡಬೇಡಿ. ಕೇಳಬೇಕಾದದ್ದು ಒಂದೇ ಪ್ರಶ್ನೆ: ಮಾರ್ಚ್ 31ರ ರಾತ್ರಿ ಆ ಮಾಲು ಯಾರದ್ದು? ಆ ರಾತ್ರಿ ಲಾರಿ ಪಲ್ಟಿಯಾಗಿದ್ದರೆ ನಷ್ಟ ಯಾರ ತಲೆಗೆ?

ಮಾಲು ನಮ್ಮದಾಗಿದ್ದರೆ ಅದು ಈ ವರ್ಷದ ಖರೀದಿ, ಈ ವರ್ಷದ ಸ್ಟಾಕ್, ಈ ವರ್ಷದ ಸಾಲ. ಅಂಗಡಿಯಲ್ಲಿ ಕಾಣದಿದ್ದರೂ ಸರಿ. ಇನ್ನೂ ಸಪ್ಲೈಯರದ್ದೇ ಆಗಿದ್ದರೆ ನಮ್ಮ ಪುಸ್ತಕದಲ್ಲಿ ಅದು ಎಲ್ಲಿಯೂ ಇರಬಾರದು, ಬಿಲ್ ಕೈಗೆ ಬಂದಿದ್ದರೂ ಸರಿ.

ಪ್ರಶ್ನೆ: ಯಾರದ್ದು ಅಂತ ಗೊತ್ತಾಗೋದು ಹೇಗೆ?

ಒಪ್ಪಂದದಲ್ಲಿ ಏನು ಬರೆದಿದೆ ಅನ್ನುವುದು ಮೊದಲು. 1930ರ ಸರಕು ಮಾರಾಟ ಕಾಯ್ದೆಯ 19ನೇ ಕಲಂ ಹೇಳುವುದು ಇಷ್ಟೇ: ಇಬ್ಬರೂ ಯಾವಾಗ ಒಡೆತನ ಬದಲಾಗಬೇಕೆಂದು ಬಯಸಿದ್ದರೋ ಆಗ ಬದಲಾಗುತ್ತದೆ. ಆರ್ಡರ್ ಕಾಗದ, ಬಿಲ್ಲಿನ ಕೆಳಗಿನ ಸಣ್ಣ ಅಕ್ಷರ, ಇಬ್ಬರ ನಡುವಿನ ಹಳೇ ರೂಢಿ, ಇವೆಲ್ಲ ಆ ಬಯಕೆಗೆ ಸಾಕ್ಷಿ.

ಏನೂ ಬರೆದಿಲ್ಲ ಅಂದರೆ ಕಾಯ್ದೆಯೇ ಒಂದು ದಾರಿ ಹಾಕಿಕೊಟ್ಟಿದೆ. 23ನೇ ಕಲಂ ಪ್ರಕಾರ, ಮಾರುವವನು ತನ್ನ ಹಿಡಿತ ಉಳಿಸಿಕೊಳ್ಳದೆ, ನಮಗೆ ತಲುಪಿಸಲೆಂದು ಮಾಲನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಆ ಮಾಲನ್ನು ನಮ್ಮ ಹೆಸರಿಗೆ ಎತ್ತಿಟ್ಟ ಹಾಗೆ. ಒಡೆತನ ಅಲ್ಲೇ ಬದಲಾಗುತ್ತದೆ. 39ನೇ ಕಲಂ ಕೂಡ ಸಾಗಣೆದಾರನಿಗೆ ಕೊಟ್ಟದ್ದನ್ನು ಮೇಲ್ನೋಟಕ್ಕೆ ನಮಗೇ ಕೊಟ್ಟಂತೆ ಎಂದು ನೋಡುತ್ತದೆ. ಮತ್ತೆ 26ನೇ ಕಲಂ: ಬೇರೆ ಮಾತಾಗಿರದಿದ್ದರೆ ನಷ್ಟದ ಹೊಣೆ ಒಡೆತನದ ಹಿಂದೆಯೇ ಹೋಗುತ್ತದೆ.

ನಮ್ಮ ಪಂಪಿನ ಆರ್ಡರಿನಲ್ಲಿ "ಎಫ್‌.ಒ.ಆರ್‌. ರಾಜ್‌ಕೋಟ್" ಎಂದಿತ್ತು. ಅಂದರೆ ರಾಜ್‌ಕೋಟ್‌ನಲ್ಲಿ ಟ್ರಾನ್ಸ್‌ಪೋರ್ಟಿಗೆ ಒಪ್ಪಿಸುವವರೆಗೆ ಅವರ ಜವಾಬ್ದಾರಿ, ಆಮೇಲೆ ನಮ್ಮದು. ಎಲ್‌ಆರ್ ನಮ್ಮ ಅಂಗಡಿಯ ಹೆಸರಿಗೇ ಇತ್ತು. ಮಾರ್ಚ್ 28ಕ್ಕೇ 40 ಪಂಪ್ ನಮ್ಮದಾಯಿತು. ಬಿಲ್ ತಾರೀಖು 27 ಇದ್ದರೂ ಅದು ಲೆಕ್ಕಕ್ಕಿಲ್ಲ, 3ನೇ ತಾರೀಖು ಇಳಿದದ್ದೂ ಲೆಕ್ಕಕ್ಕಿಲ್ಲ.

ಅದೇ ಆರ್ಡರಿನಲ್ಲಿ "ಎಫ್‌.ಒ.ಆರ್‌. ಮಂಡ್ಯ, ದಾರಿಯಲ್ಲಿ ಒಡೆದರೆ ನಮ್ಮ ಹೊಣೆ" ಎಂದು ಸಪ್ಲೈಯರ್ ಬರೆದಿದ್ದರೆ ಉತ್ತರ ಪೂರ್ತಿ ಉಲ್ಟಾ. ಆಗ ಏಪ್ರಿಲ್ 3ರವರೆಗೆ ಮಾಲು ಅವರದ್ದೇ. ನಮ್ಮ ಮಾರ್ಚ್ ಪುಸ್ತಕದಲ್ಲಿ ಒಂದು ಪಂಪೂ ಇರಬಾರದು.

ಪ್ರಶ್ನೆ: ಬಾಡಿಗೆ ಯಾರು ಕೊಡ್ತಾರೆ ಅನ್ನೋದ್ರಿಂದ ತೀರ್ಮಾನ ಮಾಡಬಹುದಾ?

ಸುಳಿವು ಸಿಗುತ್ತದೆ, ತೀರ್ಮಾನ ಸಿಗುವುದಿಲ್ಲ. ಬಾಡಿಗೆ ನಾವೇ ಕೊಡುವುದು, ವಿಮೆ ನಾವೇ ಮಾಡಿಸುವುದು ಎಂದರೆ ಸಾಮಾನ್ಯವಾಗಿ ದಾರಿಯ ಹೊಣೆ ನಮ್ಮದು. ಆದರೆ ಎಷ್ಟೋ ಕಂಪನಿಗಳು ವ್ಯಾಪಾರದ ಆಸೆಗೆ "ಬಾಡಿಗೆ ನಮ್ಮದು" ಅನ್ನುತ್ತವೆ, ಒಡೆದರೆ ಮಾತ್ರ "ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿ" ಅನ್ನುತ್ತವೆ. ಬಾಡಿಗೆ ಅವರದ್ದು, ನಷ್ಟ ನಮ್ಮದು. ಹಳೇ ವರ್ಷಗಳಲ್ಲಿ ಒಡೆದ ಮಾಲು ಬಂದಾಗ ಏನಾಯಿತು ಎಂದು ಮಾಲೀಕರನ್ನು ಕೇಳಿ. ಸಪ್ಲೈಯರ್ ಕ್ರೆಡಿಟ್ ನೋಟ್ ಕೊಟ್ಟಿದ್ದರಾ, ಇಲ್ಲ ಕೈ ಎತ್ತಿದರಾ? ಆ ಒಂದು ಉತ್ತರದಲ್ಲಿ ಬಿಲ್ಲಿನ ಸಣ್ಣ ಅಕ್ಷರಗಳಿಗಿಂತ ಜಾಸ್ತಿ ವಿಷಯ ಇರುತ್ತದೆ.

ಪ್ರಶ್ನೆ: ಸಪ್ಲೈಯರ್ ತನ್ನ ಸ್ವಂತ ಗಾಡಿಯಲ್ಲೇ ಕಳಿಸಿದ್ರೆ?

ಸ್ವಂತ ಗಾಡಿ ಸಾಗಣೆದಾರ ಅಲ್ಲ. ಮಾಲು ಇನ್ನೂ ಅವರ ಕೈಯಲ್ಲೇ ಇದೆ. ಬೇರೆ ಮಾತಾಗಿರದಿದ್ದರೆ ನಮ್ಮ ಅಂಗಡಿಯಲ್ಲಿ ಇಳಿಸಿದಾಗಲೇ ನಮ್ಮದು. ಕೊಯಮತ್ತೂರಿನಿಂದ ರಾತ್ರಿ ಹೊರಟು ಬೆಳಗ್ಗೆ ಬರುವ ಗಾಡಿಗಳದ್ದು ಹೆಚ್ಚಾಗಿ ಇದೇ ಕಥೆ. ನಾವೇ ಟೆಂಪೊ ಕಳಿಸಿ ತುಂಬಿಸಿಕೊಂಡು ಬಂದರೆ ಅಲ್ಲಿ ತುಂಬಿದಾಗಲೇ ನಮ್ಮದು.

ಪ್ರಶ್ನೆ: ಎಲ್‌ಆರ್ ಬ್ಯಾಂಕ್ ಮೂಲಕ ಬಂದಿದೆ. ದುಡ್ಡು ಕಟ್ಟಿದ ಮೇಲೆ ಕಾಗದ ಕೊಡ್ತಾರಂತೆ. ಇದು ಯಾರ ಮಾಲು?

ಇಲ್ಲಿ ಬಹಳ ಜನ ಎಡವುತ್ತಾರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊಸ ಗಿರಾಕಿ ಮೇಲೆ ನಂಬಿಕೆ ಇಲ್ಲದಿದ್ದರೆ ಸಪ್ಲೈಯರ್ ಎಲ್‌ಆರನ್ನು "ಸೆಲ್ಫ್" ಎಂದು ತನ್ನ ಹೆಸರಿಗೋ ಬ್ಯಾಂಕಿನ ಹೆಸರಿಗೋ ಮಾಡಿಸುತ್ತಾನೆ. ಬಿಲ್ ಮತ್ತು ಎಲ್‌ಆರ್ ಎರಡನ್ನೂ ನಮ್ಮ ಊರಿನ ಬ್ಯಾಂಕಿಗೆ ಕಳಿಸುತ್ತಾನೆ. ದುಡ್ಡು ಕಟ್ಟಿ ಕಾಗದ ಬಿಡಿಸಿಕೊಂಡರೆ ಮಾತ್ರ ಟ್ರಾನ್ಸ್‌ಪೋರ್ಟ್‌ನವರು ಮಾಲು ಕೊಡುತ್ತಾರೆ. ಮಾಲು ಮೈಸೂರಿನ ಗೋಡೌನಿನಲ್ಲಿ ಬಂದು ಬಿದ್ದಿರಬಹುದು, ನಾವು ಹೋಗಿ ಕಣ್ಣಲ್ಲಿ ನೋಡಿ ಬರಬಹುದು, ಮುಟ್ಟುವ ಹಾಗಿಲ್ಲ.

ಇದನ್ನೇ ಕಾಯ್ದೆಯ 25ನೇ ಕಲಂ ಹಿಡಿತ ಉಳಿಸಿಕೊಳ್ಳುವುದು ಅನ್ನುತ್ತದೆ. ಸಾಗಣೆದಾರನಿಗೆ ಒಪ್ಪಿಸಿದ್ದರೂ ಷರತ್ತು ಪೂರೈಸುವವರೆಗೆ ಒಡೆತನ ಬದಲಾಗುವುದಿಲ್ಲ. ಹಾಗಾಗಿ ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿ ದುಡ್ಡು ಕಟ್ಟಿರದಿದ್ದರೆ ನಾನು ಅದನ್ನು ನಮ್ಮ ಸ್ಟಾಕಿಗೆ ಸೇರಿಸುವುದಿಲ್ಲ. ಮಾರ್ಚ್ 29ಕ್ಕೆ ಕಟ್ಟಿ ಕಾಗದ ಬಿಡಿಸಿಕೊಂಡಿದ್ದು ಮಾಲು ಇನ್ನೂ ದಾರಿಯಲ್ಲಿದ್ದರೆ ಸೇರಿಸುತ್ತೇನೆ.

ಇದಕ್ಕೂ "ಪೂರ್ತಿ ದುಡ್ಡು ಬರುವವರೆಗೆ ಮಾಲು ನಮ್ಮದೇ" ಎಂದು ಬಿಲ್ಲಿನ ಕೆಳಗೆ ಅಚ್ಚು ಹಾಕಿಸುವುದಕ್ಕೂ ವ್ಯತ್ಯಾಸ ಇದೆ. ಅಂಥ ಬಿಲ್ಲಿನ ಮಾಲನ್ನು ನಾವು ಬಿಡಿಸಿಕೊಂಡು ಮಾರುತ್ತಲೇ ಇರುತ್ತೇವೆ. ನಷ್ಟ ಬಂದರೂ ನಮ್ಮದೇ. ಆ ಸಾಲು ಬರೀ ಬಾಕಿ ವಸೂಲಿಯ ಭದ್ರತೆಗೆ ಇರುವುದರಿಂದ ಲೆಕ್ಕದಲ್ಲಿ ಖರೀದಿ ನಿಲ್ಲಿಸುವ ಅಗತ್ಯ ಇಲ್ಲ.

ಪ್ರಶ್ನೆ: ಸರಿ, ನಮ್ಮದು ಅಂತ ಗೊತ್ತಾಯ್ತು. ಎಂಟ್ರಿ ಹೇಗೆ?

ಪಂಪಿನ ಬಿಲ್ಲನ್ನೇ ನೋಡೋಣ. ಮಾರ್ಚ್ 28ರ ತಾರೀಖಿನಲ್ಲಿ ಖರೀದಿ ಖಾತೆಗೆ 6,00,000 ಖರ್ಚು. 1,08,000 ತೆರಿಗೆ ಬೇರೆ ಖಾತೆಗೆ, ಯಾಕೆಂದು ಕೆಳಗೆ ಹೇಳುತ್ತೇನೆ. ಸಪ್ಲೈಯರ್ ಖಾತೆಗೆ 7,08,000 ಜಮೆ. ವರ್ಷದ ಕೊನೆಯ ಸ್ಟಾಕಿನಲ್ಲಿ ಅಂಗಡಿಯಲ್ಲಿ ಎಣಿಸಿದ ಮಾಲಿನ ಜೊತೆಗೆ "ದಾರಿಯಲ್ಲಿರುವ ಮಾಲು 40 ಪಂಪ್, 6,00,000" ಎಂದು ಇನ್ನೊಂದು ಸಾಲು.

ಟ್ಯಾಲಿಯಲ್ಲಿ ಮಾಡುವವರಿಗೆ ಸುಲಭ ದಾರಿ ಇದೆ. `Goods in Transit` ಎಂದು ಒಂದು ಗೋಡೌನ್ ಮಾಡಿಕೊಳ್ಳಿ. ಖರೀದಿ ಹಾಕುವಾಗ ಅಂಗಡಿಯ ಗೋಡೌನಿನ ಬದಲು ಇದನ್ನು ಆರಿಸಿ. ಏಪ್ರಿಲ್ 3ಕ್ಕೆ ಮಾಲು ಇಳಿದ ಮೇಲೆ `Stock Journal` ಹಾಕಿ 40 ಪಂಪನ್ನು ಅಂಗಡಿಗೆ ವರ್ಗಾಯಿಸಿ. ಏಪ್ರಿಲ್ ಕೊನೆಗೆ ಆ ಗೋಡೌನಿನಲ್ಲಿ ಹಳೇ ಮಾಲು ಇನ್ನೂ ಕೂತಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಾನಾಗಿ ಗೊತ್ತಾಗುತ್ತದೆ.

ಬಾಡಿಗೆ 24,000 ಕೂಡ ಕೊನೆಗೆ ಪಂಪಿನ ಬೆಲೆಗೇ ಸೇರುವುದು, ಒಂದಕ್ಕೆ 600 ರೂಪಾಯಿ. ಮಾಲನ್ನು ಅಂಗಡಿಗೆ ತಂದು ನಿಲ್ಲಿಸುವ ಖರ್ಚು ಸ್ಟಾಕಿನ ಬೆಲೆಯ ಭಾಗ. ಆದರೆ ಮಾರ್ಚ್ 31ಕ್ಕೆ ಲಾರಿ ಇನ್ನೂ ಅರ್ಧ ದಾರಿಯಲ್ಲಿತ್ತು. ಆ ದಿನದವರೆಗಿನ ಪಾಲನ್ನು ಅಂದಾಜು ಮಾಡಿ ಹಾಕಬಹುದು. ಹಾಕಿದರೆ ಸ್ಟಾಕಿಗೂ ಸೇರುತ್ತದೆ, ಬಾಕಿಗೂ ಸೇರುತ್ತದೆ, ಲಾಭ ಅಲುಗಾಡುವುದಿಲ್ಲ. ಇಷ್ಟು ಚಿಕ್ಕ ಮೊತ್ತಕ್ಕೆ ನಾನು ಏಪ್ರಿಲ್‌ನಲ್ಲೇ ಹಾಕುತ್ತೇನೆ. ದೊಡ್ಡ ಮೊತ್ತವಾದರೆ ಬಿಡಬೇಡಿ.

ನಿಮ್ಮದು ಕಂಪನಿಯಾಗಿದ್ದರೆ ಇನ್ನೊಂದು ಮಾತು. 2013ರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿ ಪ್ರಕಾರ ದಾರಿಯಲ್ಲಿರುವ ಸರಕನ್ನು ಸ್ಟಾಕಿನ ಆಯಾ ಉಪಶೀರ್ಷಿಕೆಯಡಿ ತೋರಿಸಬೇಕು. ಕಚ್ಚಾ ಮಾಲಾದರೆ ಅಲ್ಲಿ, ಮಾರಾಟದ ಮಾಲಾದರೆ ಅಲ್ಲಿ.

ಪ್ರಶ್ನೆ: ಎರಡು ಕಡೆಯೂ ಬಿಟ್ಟುಬಿಟ್ರೆ ಲಾಭ ಸರಿಯಾಗೇ ಬರುತ್ತಲ್ಲ? ಸುಮ್ನೆ ಯಾಕೆ ತಲೆನೋವು?

ಲಾಭ ಸರಿಯಾಗೇ ಬರುತ್ತದೆ, ನಿಜ. ಖರೀದಿಯಲ್ಲೂ ಇಲ್ಲ, ಸ್ಟಾಕಿನಲ್ಲೂ ಇಲ್ಲ. ಆದರೆ ಆಸ್ತಿ-ಹೊಣೆ ಪಟ್ಟಿ ಸುಳ್ಳು ಹೇಳುತ್ತದೆ.

ಈ ಪಂಪ್ ಬಿಟ್ಟು ಅಂಗಡಿಯ ಚಾಲ್ತಿ ಆಸ್ತಿ 30 ಲಕ್ಷ, ಚಾಲ್ತಿ ಹೊಣೆ 20 ಲಕ್ಷ ಇತ್ತು ಎಂದುಕೊಳ್ಳಿ. ಅನುಪಾತ 1.5. ಬ್ಯಾಂಕಿನವರಿಗೆ ಖುಷಿ. ಪಂಪ್ ಸೇರಿಸಿದರೆ ಆಸ್ತಿ 37.08 ಲಕ್ಷ, ಹೊಣೆ 27.08 ಲಕ್ಷ, ಅನುಪಾತ ಸುಮಾರು 1.37. ಲಾಭದಲ್ಲಿ ಒಂದು ರೂಪಾಯಿ ವ್ಯತ್ಯಾಸ ಇಲ್ಲ, ಆದರೂ ಅಂಗಡಿಯ ಮುಖ ಬೇರೆ. 7 ಲಕ್ಷದ ಸಾಲ ಕಾಗದದ ಮೇಲೆ ಇಲ್ಲವೇ ಇಲ್ಲ ಎಂದ ಹಾಗಾಯಿತು. ಆಡಿಟರ್ ಸಪ್ಲೈಯರಿಗೆ ಬಾಕಿ ಖಚಿತಪಡಿಸಿ ಎಂದು ಪತ್ರ ಬರೆದರೆ ಅವರು 7,08,000 ಎಂದು ಉತ್ತರ ಕೊಡುತ್ತಾರೆ, ನಮ್ಮ ಪುಸ್ತಕದಲ್ಲಿ ಸೊನ್ನೆ. ಈ ತಪ್ಪು ಹೆಚ್ಚಾಗಿ ಸಿಕ್ಕಿಬೀಳುವುದೇ ಅಲ್ಲಿ.

ಪ್ರಶ್ನೆ: ಒಂದು ಕಡೆ ಹಾಕಿ ಇನ್ನೊಂದು ಕಡೆ ಬಿಟ್ರೆ?

ಆಗ ಲಾಭವೇ ಕೆಡುತ್ತದೆ. ಇದು ನನ್ನದೇ ಅನುಭವ. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ ಬರೆಯುತ್ತಿದ್ದೆ. ವರ್ಷದ ವ್ಯಾಪಾರ 60 ಲಕ್ಷ, ಒಟ್ಟು ಲಾಭ ಯಾವಾಗಲೂ ಶೇ. 14ರ ಆಸುಪಾಸು. ಆ ವರ್ಷ ಶೇ. 11 ಬಂತು. ಯಜಮಾನರು ಕನ್ನಡಕ ಹಣೆಗೆ ಏರಿಸಿ, "ಏನಪ್ಪಾ, ಹುಡುಗರು ಏನಾದ್ರೂ ಮಾಲು ಎತ್ತಿದ್ರಾ?" ಎಂದು ಮೆಲ್ಲಗೆ ಕೇಳಿದರು. ಇಬ್ಬರು ಹುಡುಗರು ಒಳಗಡೆ ಪೈಪ್ ಎಣಿಸುತ್ತಿದ್ದರು.

ಯಾರೂ ಏನೂ ಎತ್ತಿರಲಿಲ್ಲ. 1,80,000 ರೂಪಾಯಿಯ ನಲ್ಲಿ, ವಾಲ್ವಿನ ಬಿಲ್ಲನ್ನು ನಾನು ಮಾರ್ಚ್ ಖರೀದಿಗೆ ಹಾಕಿದ್ದೆ. ಸ್ಟಾಕ್ ಪಟ್ಟಿ ಮಾತ್ರ ಅಂಗಡಿಯಲ್ಲಿ ಎಣಿಸಿದ್ದು. ಮಾಲು ದಾರಿಯಲ್ಲಿದ್ದದ್ದರಿಂದ ಎಣಿಕೆಗೆ ಸಿಗಲಿಲ್ಲ. 60 ಲಕ್ಷಕ್ಕೆ ಶೇ. 14 ಅಂದರೆ 8.4 ಲಕ್ಷ, ಅದರಲ್ಲಿ 1.8 ಲಕ್ಷ ಹೋದರೆ 6.6 ಲಕ್ಷ, ಸರಿಯಾಗಿ ಶೇ. 11. ಮೂರು ದಿನ ಹುಡುಕಿದ ಮೇಲೆ ಎಲ್‌ಆರ್ ಕಟ್ಟಿನಲ್ಲಿ ಸಿಕ್ಕಿತು. ಆ ಹುಡುಗರ ಮುಖ ನೋಡಲು ನನಗೆ ವಾರವಾಯಿತು.

ನಾನು ಹಿಡಿಯದೇ ಹೋಗಿದ್ದರೆ ಮುಂದಿನ ವರ್ಷದ ಆರಂಭದ ಸ್ಟಾಕ್ ಅಷ್ಟೇ ಕಡಿಮೆ ಇರುತ್ತಿತ್ತು, ಆ ವರ್ಷ ಲಾಭ 1.8 ಲಕ್ಷ ಜಾಸ್ತಿ ಕಾಣುತ್ತಿತ್ತು. ಎರಡು ವರ್ಷ ಸೇರಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ತೆರಿಗೆ ಕಟ್ಟುವುದು ವರ್ಷ ವರ್ಷಕ್ಕೆ ಬೇರೆ ಬೇರೆ ಅಲ್ವಾ?

ಉಲ್ಟಾ ತಪ್ಪೂ ಆಗುತ್ತದೆ. ಏಪ್ರಿಲ್ 6ರ ಭಾನುವಾರ ಎಣಿಕೆ ಮಾಡಿ ಅದನ್ನೇ ಮಾರ್ಚ್ ಸ್ಟಾಕ್ ಎಂದು ಕೊಡುವವರು ಇದ್ದಾರೆ. 3ರಂದು ಇಳಿದ ಪಂಪ್ ಎಣಿಕೆಯಲ್ಲಿ ಬಂತು, ಬಿಲ್ ಏಪ್ರಿಲ್ ಖರೀದಿಯಲ್ಲಿ ಹೋಯಿತು. ಲಾಭ 6 ಲಕ್ಷ ಉಬ್ಬಿತು.

ಪ್ರಶ್ನೆ: ಜಿಎಸ್‌ಟಿಯಲ್ಲಿ ಮಾರ್ಚ್‌ಗೇ ಕ್ರೆಡಿಟ್ ತಗೋಬಹುದಾ? ಪೋರ್ಟಲ್ ತೋರಿಸೋ ಕ್ರೆಡಿಟ್ ಪಟ್ಟಿ 2ಬಿಯಲ್ಲಿ ಬಂದುಬಿಟ್ಟಿದೆ.

ಸಾಮಾನ್ಯವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಪುಸ್ತಕಕ್ಕೆ ಒಡೆತನ ಬಂದರೆ ಸಾಕು, ಜಿಎಸ್‌ಟಿ ಕ್ರೆಡಿಟ್‌ಗೆ ಮಾಲು ಕೈಗೆ ಬರಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 16(2)(ಬಿ) ಅದನ್ನು ಹೇಳುತ್ತದೆ. ಸಪ್ಲೈಯರ್ ಜಾಗದಲ್ಲೇ ನಮ್ಮ ಪರವಾಗಿ ಸಾಗಣೆದಾರನಿಗೆ ಮಾಲು ಒಪ್ಪಿಸಿ ಒಡೆತನವೂ ಅಲ್ಲೇ ಬದಲಾಗುವ "ಎಕ್ಸ್-ವರ್ಕ್ಸ್" ಒಪ್ಪಂದವಾದರೆ, ಒಪ್ಪಿಸಿದಾಗಲೇ ಮಾಲು ಕೈಗೆ ಬಂದ ಹಾಗೆ ಎಂದು 2024ರ ಡಿಸೆಂಬರಿನ ಸಿಬಿಐಸಿ ಸುತ್ತೋಲೆ ಹೇಳಿದೆ. ನಮ್ಮ ಪಂಪನ್ನು ಸಪ್ಲೈಯರೇ ಟ್ರಾನ್ಸ್‌ಪೋರ್ಟಿಗೆ ಒಪ್ಪಿಸಿದ್ದರಿಂದ ನಾನು ಮಾಲು ಬರುವವರೆಗೆ ಕಾಯುತ್ತೇನೆ. ಸಪ್ಲೈಯರ್ ಮಾರ್ಚ್ ಬಿಲ್ಲನ್ನು ಮಾರ್ಚ್‌ಗೇ ಅಪ್‌ಲೋಡ್ ಮಾಡಿರುವುದರಿಂದ 2ಬಿಯಲ್ಲಿ 1,08,000 ಕಾಣುತ್ತದೆ. ಕಂಡ ಮಾತ್ರಕ್ಕೆ ಅದು ಕೈಗೆ ಬಂದ ಹಾಗಲ್ಲ.

ಮಾರ್ಚ್‌ನ 3ಬಿ ರಿಟರ್ನಿನ 4(ಎ)(5)ರಲ್ಲಿ ಮೊತ್ತ ತಾನಾಗಿ ಬಂದಿರುತ್ತದೆ. ಅದನ್ನು 4(ಬಿ)(2)ರಲ್ಲಿ ತಾತ್ಕಾಲಿಕವಾಗಿ ವಾಪಸ್ ತೋರಿಸಿ. ಏಪ್ರಿಲ್ 3ಕ್ಕೆ ಮಾಲು ಬಂದಿದೆಯಲ್ಲ, ಏಪ್ರಿಲ್‌ನ 3ಬಿಯಲ್ಲಿ 4(ಎ)(5)ರಲ್ಲಿ ಮತ್ತೆ ತೆಗೆದುಕೊಂಡು, ಹೀಗೆ ತೆಗೆದುಕೊಂಡದ್ದು ಎಂದು 4(ಡಿ)(1)ರಲ್ಲೂ ನಮೂದಿಸಿ. ಪುಸ್ತಕದಲ್ಲಿ ಅಷ್ಟು ದಿನ ಆ 1,08,000 `IGST on Goods in Transit` ಎಂಬ ಬೇರೆ ಖಾತೆಯಲ್ಲಿ ಚಾಲ್ತಿ ಆಸ್ತಿಯಾಗಿ ಕೂತಿರಲಿ. ಮಾಮೂಲಿ ಕ್ರೆಡಿಟ್ ಖಾತೆಗೆ ಬೆರೆಸಿದರೆ ಪೋರ್ಟಲ್ ಒಂದು ಹೇಳುತ್ತದೆ, ಪುಸ್ತಕ ಇನ್ನೊಂದು ಹೇಳುತ್ತದೆ.

ಒಂದೇ ಬಿಲ್ಲಿನ ಮಾಲು ಎರಡು ಕಂತಿನಲ್ಲಿ ಬಂದರೆ ಇನ್ನೊಂದು ಗಂಟು. 25 ಪಂಪ್ ಮಾರ್ಚ್ 29ಕ್ಕೆ ಇಳಿದು 15 ಪಂಪ್ ಏಪ್ರಿಲ್‌ಗೆ ಬಂದರೆ, ಪುಸ್ತಕದಲ್ಲಿ 25 ಅಂಗಡಿಯಲ್ಲಿ, 15 ದಾರಿಯಲ್ಲಿ. ಕ್ರೆಡಿಟ್ ಮಾತ್ರ ಕೊನೇ ಕಂತು ಬರುವವರೆಗೆ ಪೂರ್ತಿ ಕಾಯಬೇಕು.

ಪ್ರಶ್ನೆ: ಸಪ್ಲೈಯರ್ ಟಾರ್ಗೆಟ್‌ಗೋಸ್ಕರ ಮಾರ್ಚ್ 31ಕ್ಕೆ ಬಿಲ್ ಹಾಕಿ, ಮಾಲು ಮುಂದಿನ ವಾರ ಕಳಿಸ್ತಾರೆ. ಕಂಡುಹಿಡಿಯೋದು ಹೇಗೆ?

ಮಾರ್ಚ್ ಕೊನೆ ವಾರದಲ್ಲಿ ಇದು ಮಾಮೂಲು. ಬಿಲ್ ಸಿಕ್ಕಿರುತ್ತದೆ, ಮಾಲು ಇನ್ನೂ ಅವರ ಫ್ಯಾಕ್ಟರಿಯಲ್ಲೇ ಇರುತ್ತದೆ. ಒಪ್ಪಿಸಿಲ್ಲ ಅಂದಮೇಲೆ ಎಫ್‌.ಒ.ಆರ್‌. ರಾಜ್‌ಕೋಟ್ ಇದ್ದರೂ ನಮ್ಮದಲ್ಲ.

ಎಲ್‌ಆರ್ ತಾರೀಖು ನೋಡಿ. ಅದೇ ಮುಖ್ಯ ಸಾಕ್ಷಿ, ಯಾಕೆಂದರೆ ಅದನ್ನು ಬರೆಯುವವನು ಸಪ್ಲೈಯರ್ ಅಲ್ಲ, ಮೂರನೆಯವನು. ಜೊತೆಗೆ ಇ-ವೇ ಬಿಲ್ ನೋಡಿ. 50,000 ರೂಪಾಯಿ ಮೀರಿದ ಮಾಲಿಗೆ ಸಾಮಾನ್ಯವಾಗಿ ಅದು ಇರುತ್ತದೆ. ಅದರ ಎ ಭಾಗದಲ್ಲಿ ಬಿಲ್ಲಿನ ವಿವರ, ಬಿ ಭಾಗದಲ್ಲಿ ಗಾಡಿ ನಂಬರ್. ಮಾರ್ಚ್ 31ಕ್ಕೆ ಎ ಭಾಗ ಮಾತ್ರ ತುಂಬಿ, ಗಾಡಿ ನಂಬರ್ ಏಪ್ರಿಲ್ 5ಕ್ಕೆ ಹಾಕಿದ್ದರೆ ಅನುಮಾನ ಬರಬೇಕು. ಹಾಗೆಂದು ಅದನ್ನೇ ಕೊನೇ ಮಾತು ಮಾಡಬೇಡಿ. ಸಪ್ಲೈಯರ್ ತನ್ನ ರಾಜ್ಯದೊಳಗೆ 50 ಕಿಲೋಮೀಟರ್ ಒಳಗಿನ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಮಾಲು ಸಾಗಿಸಲು ಗಾಡಿ ನಂಬರ್ ಬೇಕಿಲ್ಲ. ಮಾಲು 31ಕ್ಕೇ ಟ್ರಾನ್ಸ್‌ಪೋರ್ಟ್ ಗೋಡೌನ್ ಸೇರಿ, ಲಾರಿ ಎರಡು ದಿನ ಬಿಟ್ಟು ಹೊರಟಿರಬಹುದು. ಆಗ ಎಲ್‌ಆರ್ 31ರದ್ದೇ ಇರುತ್ತದೆ, ಮಾಲು ಅಂದಿನಿಂದಲೇ ನಮ್ಮದು. ಲಾರಿಯ ಚಕ್ರ ಯಾವಾಗ ಉರುಳಿತು ಅನ್ನುವುದಕ್ಕಿಂತ ಮಾಲು ಯಾವಾಗ ಕೈ ಬದಲಾಯಿತು ಅನ್ನುವುದು ಮುಖ್ಯ.

ದೂರವನ್ನೂ ಮನಸ್ಸಲ್ಲೇ ಒಮ್ಮೆ ಅಳೆಯಿರಿ. ರಾಜ್‌ಕೋಟ್‌ನಿಂದ ಮಂಡ್ಯಕ್ಕೆ 1,600 ಕಿಲೋಮೀಟರ್‌ಗೂ ಜಾಸ್ತಿ. ಮಾರ್ಚ್ 31ರ ಬಿಲ್ಲಿನ ಮಾಲು ಏಪ್ರಿಲ್ 1ಕ್ಕೇ ಬಂದಿಳಿದಿದೆ ಎಂದರೆ ಬಿಲ್ ಹಿಂದೋ ಮುಂದೋ ಆಗಿದೆ. ಏಪ್ರಿಲ್ 20ಕ್ಕೆ ಬಂದಿದೆ ಎಂದರೆ ಮಾರ್ಚ್‌ನಲ್ಲಿ ಹೊರಟಿರುವುದೇ ಅನುಮಾನ. ಇ-ವೇ ಬಿಲ್ಲಿಗೇ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ, ಅಂದರೆ ಸುಮಾರು ಒಂಬತ್ತು ದಿನ.

ಪ್ರಶ್ನೆ: ಯಾವ ಬಿಲ್ ಯಾವ ವರ್ಷಕ್ಕೆ ಅಂತ ನೋಡೋ ಕಟ್-ಆಫ್ ಪರೀಕ್ಷೆ ಅಂತಾರಲ್ಲ, ಚಿಕ್ಕ ಅಂಗಡಿಯಲ್ಲಿ ಹೇಗೆ ಮಾಡೋದು?

ಮಾರ್ಚ್ 31ರ ಸಂಜೆ ಒಳಬರುವ ಮಾಲಿನ ಪುಸ್ತಕದಲ್ಲಿ ಕೊನೇ ನಂಬರಿನ ಕೆಳಗೆ ಒಂದು ಗೆರೆ ಎಳೆದು ಸಹಿ ಹಾಕಿ. ಇದು ಬಹಳ ಸಣ್ಣ ಕೆಲಸ, ಮರೆತರೆ ಆಮೇಲೆ ಬೆವರು. ಅಂಗಡಿ ರಜೆ ಇದ್ದರೆ ಹಿಂದಿನ ದಿನವೇ ಎಳೆಯಿರಿ.

ಏಪ್ರಿಲ್ 15ರ ಹೊತ್ತಿಗೆ ಮಾರ್ಚ್ 15ರಿಂದ ಈಚೆಗಿನ ಖರೀದಿ ಬಿಲ್ಲುಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಪ್ರತಿ ಬಿಲ್ಲಿಗೂ ಅದರ ಎಲ್‌ಆರ್ ಪಿನ್ ಮಾಡಿ, ಮೇಲೆ ಪೆನ್ಸಿಲ್‌ನಲ್ಲಿ ನಾಲ್ಕು ವಿಷಯ ಬರೆಯಿರಿ: ಬಿಲ್ ತಾರೀಖು, ಎಲ್‌ಆರ್ ತಾರೀಖು, ಮಾಲು ಇಳಿದ ತಾರೀಖು, ಷರತ್ತು. ಎಲ್‌ಆರ್ ಮಾರ್ಚ್‌ದು, ಇಳಿದದ್ದು ಏಪ್ರಿಲ್, ಷರತ್ತು ಅಲ್ಲಿಂದಲೇ ನಮ್ಮದು: ಇಷ್ಟೂ ಸೇರಿದ ಬಿಲ್ಲುಗಳನ್ನು ಬೇರೆ ಎತ್ತಿಡಿ. ಅದೇ ನಿಮ್ಮ ದಾರಿಯಲ್ಲಿರುವ ಮಾಲಿನ ಪಟ್ಟಿ.

ಬಿಲ್ಲೇ ಇನ್ನೂ ಕೈಸೇರದ ಮಾಲೂ ಇರುತ್ತದೆ. ಅದಕ್ಕೆ ಎರಡು ಕಡೆ ಇಣುಕಿ. ಮಾರ್ಚ್‌ನ 2ಬಿಯಲ್ಲಿದ್ದು ಪುಸ್ತಕದಲ್ಲಿಲ್ಲದ ಬಿಲ್ಲುಗಳು ಒಂದು. ಮಾರ್ಚ್ 31ಕ್ಕೆ ಮುಂಗಡವಾಗಿ ನಿಂತ ಸಪ್ಲೈಯರ್ ಖಾತೆಗಳು ಇನ್ನೊಂದು. ಮುಂಗಡ ಕೊಟ್ಟ ಮಾಲು ಆಗಲೇ ಲಾರಿ ಹತ್ತಿದ್ದರೆ ಅದು ಇನ್ನು ಮುಂಗಡ ಅಲ್ಲ, ಸ್ಟಾಕ್.

ಪ್ರಶ್ನೆ: ದಾರಿಯಲ್ಲಿರೋ ಮಾಲನ್ನ ಬ್ಯಾಂಕಿನ ಸ್ಟಾಕ್ ಸ್ಟೇಟ್‌ಮೆಂಟಿಗೆ ಸೇರಿಸಬಹುದಾ?

ಬೇರೆ ಸಾಲಿನಲ್ಲಿ ತೋರಿಸಿ, ಎದುರಿಗೆ ಸಪ್ಲೈಯರ್ ಬಾಕಿಯನ್ನೂ ತೋರಿಸಿ. ದುಡ್ಡು ಕೊಟ್ಟಿಲ್ಲದ ಮಾಲಿನ ಮೇಲೆ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ಅಂಗಡಿಯ ಬೆಂಕಿ, ಕಳ್ಳತನದ ವಿಮೆ ದಾರಿಯ ಮಾಲಿಗೆ ತಾನಾಗಿ ಅನ್ವಯಿಸುತ್ತದೆ ಎಂದೂ ಅಂದುಕೊಳ್ಳಬೇಡಿ.

ಪ್ರಶ್ನೆ: ಬಂದಾಗ ಐದು ಪಂಪ್ ಒಡೆದಿತ್ತು. ನಷ್ಟ ಯಾವ ವರ್ಷಕ್ಕೆ?

ಅಪಘಾತ ಯಾವಾಗ ಆಯಿತು ಕೇಳಿ. ಮಾರ್ಚ್ 30ಕ್ಕೆ ಲಾರಿ ಹಳ್ಳಕ್ಕೆ ಇಳಿದು, ನಮಗೆ ಗೊತ್ತಾದದ್ದು ಏಪ್ರಿಲ್ 3ಕ್ಕೆ ಅಂದರೆ, ವರ್ಷದ ಕೊನೆಗೇ ಆ ಐದು ಪಂಪ್ ಕೆಟ್ಟಿತ್ತು. ತಿಳಿದದ್ದು ತಡವಾದರೂ ನಷ್ಟ ಮಾರ್ಚ್‌ದೇ. 75,000 ರೂಪಾಯಿ ಬೆಲೆಯ ಪಂಪಿನಿಂದ ಗುಜರಿಗೆ ಬರುವಷ್ಟು ಬೆಲೆಯನ್ನು ಮಾತ್ರ ಸ್ಟಾಕಿನಲ್ಲಿ ಉಳಿಸಿ. ಅಪಘಾತ ಏಪ್ರಿಲ್ 1ಕ್ಕೆ ಆಗಿದ್ದರೆ ಮಾರ್ಚ್ 31ರ ರಾತ್ರಿ 40 ಪಂಪೂ ಚೆನ್ನಾಗೇ ಇದ್ದವು. ಆ ಸ್ಟಾಕನ್ನು ಮುಟ್ಟಬೇಡಿ, ನಷ್ಟ ಹೊಸ ವರ್ಷಕ್ಕೆ ಹೋಗಲಿ.

ಎರಡರಲ್ಲೂ ಮಾಲು ನಮ್ಮದೇ ಆಗಿದ್ದರಿಂದ ಸಪ್ಲೈಯರಿಗೆ 7,08,000 ಪೂರ್ತಿ ಕೊಡಬೇಕು. ಪರಿಹಾರ ಕೇಳುವುದು ಟ್ರಾನ್ಸ್‌ಪೋರ್ಟ್‌ನವರನ್ನೋ ವಿಮೆಯವರನ್ನೋ. 2007ರ ರಸ್ತೆ ಸಾಗಣೆ ಕಾಯ್ದೆಯಡಿ ಸಾಗಣೆದಾರನ ಮೇಲೆ ದಾವೆ ಹಾಕುವ ಮೊದಲು, ಮಾಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ನಮ್ಮ ಲೆಕ್ಕದಲ್ಲಿ ಆ ದಿನ ಶುರುವಾಗುವುದು ಮಾರ್ಚ್ 28ರಿಂದ, ಮಾಲು ಇಳಿದ ಏಪ್ರಿಲ್ 3ರಿಂದ ಅಲ್ಲ. ಇಳಿಸಿಕೊಳ್ಳುವಾಗಲೇ ಎಲ್‌ಆರ್ ಪ್ರತಿಯ ಮೇಲೆ "5 ಪಂಪ್ ಒಡೆದಿದೆ" ಎಂದು ಬರೆದು ಡ್ರೈವರ್ ಸಹಿ ಹಾಕಿಸಿಕೊಳ್ಳಿ. "ಆಮೇಲೆ ನೋಡಿಕೊಳ್ಳೋಣ ಅಣ್ಣ" ಎಂದು ಅವನು ಹೇಳಿದರೆ, ಸಹಿ ಆಗುವವರೆಗೆ ಬಾಡಿಗೆ ದುಡ್ಡು ಎಣಿಸಬೇಡಿ.